ಶನಿ ಏಳರಾಗೋ, ಗುರು ಲಗ್ನದಾಗೋ? ಒಂದ ಹುಡುಗಿಗೆ ಎರಡ ಕುಂಡಲಿ, ಎರಡರಾಗೂ ದಿಗ್ಬಲ ಅಂತಾರ

ಸಿಂದಗಿ_ಅಣ್ಣ
ಎಲ್ಲಾರಿಗೂ ನಮಸ್ಕಾರ್ರೀ. ನಮ್ಮ ತಂಗಿದು ಒಂದ ವಿಷಯ ಕೇಳೂದಿತ್ತು. ಆಕಿ ಹುಟ್ಟಿದ್ದು 1993 ಏಪ್ರಿಲ್ ತಿಂಗಳ ನಡುವ, ವಿಜಯಪುರ ದವಾಖಾನ್ಯಾಗ. ದವಾಖಾನಿ ಚೀಟಿ ಮ್ಯಾಲ ಸಂಜಿ 4:17 ಅಂತ ಐತಿ, ನಮ್ಮ ಆಯಿ ಮಾತ್ರ ಅದು ಸುಳ್ಳ, ನಾನ ಹೊರಗ ಗೋಡಿ ಗಡಿಯಾರ ನೋಡಕೋತ ಕುಂತಿದ್ದೆ, 4:35 ಆಗಿತ್ತು ಅಂತಾಳ. ಚೀಟಿ ಟೈಮಿನ ಮ್ಯಾಲ ಜಮಖಂಡಿಯಾಗ ಬರಸಿದ ಕುಂಡಲಿಯಾಗ ಸಿಂಹ ಲಗ್ನ ಬಂದೈತಿ, ಶನಿ ಏಳನೇ ಮನಿ ಕುಂಭದಾಗ. ಅವರು "ಶನಿಗೆ ದಿಗ್ಬಲ ಐತಿ, ಮದುವಿ ತಡ ಆಗತೈತಿ ಆದ್ರ ಗಟ್ಟಿ ಆಗತೈತಿ" ಅಂದ್ರು. ಆಯಿ ಟೈಮಿನ ಮ್ಯಾಲ ಅಥಣಿಯಾಗ ಬರಸಿದ್ದರಾಗ ಕನ್ಯಾ ಲಗ್ನ, ಗುರು ಲಗ್ನದಾಗ, ಶನಿ ಆರಕ್ಕ ಹೋಗ್ಯಾನ. ಅವರು "ಗುರುವಿಗೆ ದಿಗ್ಬಲ ಐತಿ, ಚಿಂತಿ ಬಿಡ್ರಿ, ಆದ್ರ ಶನಿಗೆ ದಿಗ್ಬಲ ಗಿಗ್ಬಲ ಏನೂ ಇಲ್ಲ" ಅಂದ್ರು. ಈಗ ನನ್ನ ಪ್ರಶ್ನಿ ಎರಡ. ಗುರು ಒಂದರಾಗ, ಶನಿ ಏಳರಾಗ ಇದ್ರ ಬಲ ಬರೂದ ಯಾಕ? ಮತ್ತ ಹದಿನೆಂಟ ಮಿನಿಟಿನ್ಯಾಗ ಒಬ್ಬ ಗ್ರಹದ ಬಲ ಹೋಗಿ ಇನ್ನೊಬ್ಬಗ ಬರತೈತೇನ್ರೀ?

ರಾಶಿಫಲ_ಗೋಕಾಕ
ಇದರಾಗ ತಲಿ ಕೆಡಿಸ್ಕೊಳ್ಳೂದ ಏನೈತ್ರಿ ಬ್ರದರ್. ಏಳನೇ ಮನಿ ಅಂದ್ರ ಪಶ್ಚಿಮ, ಪಶ್ಚಿಮಕ್ಕ ಒಡೆಯ ಶನಿ, ತನ್ನ ದಿಕ್ಕಿನ್ಯಾಗ ತಾನ ಕುಂತ ಮ್ಯಾಲ ಬಲ ಬರೂದ. ಗುರುನೂ ಹಂಗ, ಪೂರ್ವ ದಿಕ್ಕ ಅವಂದು. ಎರಡನೇದಕ್ಕ ಉತ್ತರ, ಹೌದು, ಲಗ್ನ ಬದಲಾದ್ರ ಎಲ್ಲಾ ಬದಲಾಗತೈತಿ. ಮನಿ ಬಿಟ್ಟ ಮ್ಯಾಲ ದಿಗ್ಬಲ ಎಲ್ಲಿಂದ ಬರಬೇಕು.

ಮುಧೋಳ_ಮಾಸ್ತರ
ಗೋಕಾಕದವರ, ಒಂದ ನಿಮಿಷ ತಡೀರಿ. ಗುರುವಿನ ದಿಕ್ಕ ಪೂರ್ವ ಅಂತ ಯಾರ ಹೇಳಿದ್ರು? ದಿಕ್ಕಿನ ಒಡೆಯರ ಪಟ್ಟಿಯಾಗ ಪೂರ್ವ ಸೂರ್ಯಂದು, ಗುರುವಿಂದು ಈಶಾನ್ಯ, ಬುಧಂದು ಉತ್ತರ, ಶುಕ್ರಂದು ಆಗ್ನೇಯ, ಚಂದ್ರಂದು ವಾಯವ್ಯ. ಈಗ ದಿಗ್ಬಲದ ಪಟ್ಟಿ ಬಾಜೂಕ ಇಟ್ಟ ನೋಡ್ರಿ. ಲಗ್ನದಾಗ ಅಂದ್ರ ಪೂರ್ವದಾಗ ಬಲ ಬರೂದು ಬುಧ ಗುರುವಿಗೆ, ಹತ್ತರಾಗ ಅಂದ್ರ ದಕ್ಷಿಣದಾಗ ರವಿ ಕುಜರಿಗೆ, ಏಳರಾಗ ಶನಿಗೆ, ನಾಕರಾಗ ಅಂದ್ರ ಉತ್ತರದಾಗ ಚಂದ್ರ ಶುಕ್ರರಿಗೆ. ನಿಮ್ಮ ಲೆಕ್ಕ ಖರೇ ಆಗಿದ್ರ ಪೂರ್ವದ ಒಡೆಯ ಸೂರ್ಯಗ ಲಗ್ನದಾಗ ಬಲ ಬರಬೇಕಾಗಿತ್ತು, ಅವ ನೋಡಿದ್ರ ಹತ್ತರಾಗ ಬಲಿಷ್ಠ. ಏಳೂ ಗ್ರಹದಾಗ ಎರಡ ಪಟ್ಟಿ ಕೂಡೂದು ಶನಿದು ಮತ್ತ ಕುಜಂದು ಇಬ್ಬರದ್ದ. ಹಿಂಗಾಗಿ ಶನಿ ಒಬ್ಬವನ್ನ ಹಿಡಕೊಂಡ ನೋಡಿದ್ರ ನಿಮ್ಮ ಮಾತ ಖರೇ ಅನಸ್ತೈತಿ, ಉಳಿದವರ ಹತ್ರ ಅದು ನಿಲ್ಲೂದಿಲ್ಲ.

ಇದನ್ನ ದಿಕ್ಕಿಗಿಂತಾ ಹೊತ್ತು ಅಂತ ಹಿಡದ್ರ ಸರಳ ತಿಳೀತೈತಿ. ಲಗ್ನ ಅಂದ್ರ ಆ ಗಳಿಗ್ಯಾಗ ಮೂಡಣದಾಗ ಏಳಾಕ ಹತ್ತಿದ ಜಾಗಾ, ಸೂರ್ಯ ಅಲ್ಲಿದ್ರ ಮುಂಜಾನಿ. ಹತ್ತನೇದು ನೆತ್ತಿ, ಸೂರ್ಯ ಅಲ್ಲಿದ್ರ ಮಟಮಟ ಮಧ್ಯಾಹ್ನ. ಏಳನೇದು ಮುಳುಗೂ ಜಾಗಾ, ಸಂಜಿ. ನಾಕನೇದು ಕಾಲ ಕೆಳಗ, ನಡುರಾತ್ರಿ. ಓದು, ಸಂಧ್ಯಾವಂದನಿ, ವಿಚಾರ ಮುಂಜಾನಿ ಕೆಲಸ, ಅದಕ್ಕ ಬುಧ ಗುರು. ಉರಿಬಿಸಲಿಗೆ, ಅಧಿಕಾರಕ್ಕ ರವಿ ಕುಜ. ರಾತ್ರಿ, ನೀರು, ತಾಯಿ, ಮನಿಯೊಳಗಿನ ಸುಖಕ್ಕ ಚಂದ್ರ ಶುಕ್ರ. ಬೆಳಕ ಸೋತು ಕತ್ತಲಿ ಕಡೆ ಹೊರಳೂ ಹೊತ್ತಿಗೆ ಶನಿ, ದಣಿವಿಂದು, ಮುಪ್ಪಿಂದು, ಮುಗಸೂದರದ್ದು ಎಲ್ಲಾ ಅವಂದ ಕಾರಕತ್ವ. ಆದ್ರ ಇದು ನಾವ ಹಿಂದಿನಿಂದ ಹೊಂದಿಸ್ಕೊಂಡ ಕಾರಣ ಅನ್ನೂದು ನೆನಪಿರ್ಲಿ. ವರಾಹಮಿಹಿರ ಬೃಹಜ್ಜಾತಕದಾಗ ಯಾವ ದಿಕ್ಕಿಗೆ ಯಾರು ಅಂತ ಒಂದ ಉಸುರಿನ್ಯಾಗ ಹೇಳಿ ಮುಂದ ಹೊಕ್ಕಾನ, ಯಾಕ ಅಂತ ಹೇಳಿಲ್ಲ.

ಗೋಳಗುಮ್ಮಟ_ಸೈನ್ಸ್
ನಾನು ಫಿಸಿಕ್ಸ್ ಕಲಸಾಂವ, ಜ್ಯೋತಿಷ ನಂಬೂದಿಲ್ಲ, ಆದ್ರ ಈ ಥ್ರೆಡ್ ಚಲೋ ನಡದೈತಿ ಅಂತ ಓದಾಕ ಹತ್ತೀನಿ. ಮಾಸ್ತರ, ಹತ್ತನೇ ಮನಿ ದಕ್ಷಿಣ ಅಂದ್ರಿ. ನಮ್ಮ ವಿಜಯಪುರ 16.8 ಡಿಗ್ರಿ ಉತ್ತರ ಅಕ್ಷಾಂಶದಾಗ ಐತಿ. ಮೇ ತಿಂಗಳ ಎರಡನೇ ವಾರದಿಂದ ಆಗಸ್ಟ್ ಮೊದಲನೇ ವಾರದ ತನಕ ನಮ್ಮೂರಾಗ ಮಧ್ಯಾಹ್ನ ಹನ್ನೆರಡೂವರಿಗೆ ಸೂರ್ಯ ನೆತ್ತಿಗಿಂತ ಉತ್ತರಕ್ಕ ಇರ್ತಾನ, ನೆರಳು ದಕ್ಷಿಣಕ್ಕ ಬೀಳತೈತಿ. ಗೋಳಗುಮ್ಮಟದ ಅಂಗಳದಾಗ ಒಂದ ಕೋಲ ನಿಲ್ಲಿಸಿ ನೋಡ್ರಿ. ಅವಾಗ ಹುಟ್ಟಿದವರಿಗೆ ಹತ್ತನೇ ಮನಿ ಉತ್ತರ ಆಗಬೇಕಲ್ಲ?

ಮುಧೋಳ_ಮಾಸ್ತರ
ಸರ, ಚಲೋ ಕೊಕ್ಕಿ ಹಾಕಿದ್ರಿ. ಉತ್ತರ ಹಿಂದೂಸ್ತಾನದಾಗ ಕುಂತ ಬರದವರಿಗೆ ಈ ಪ್ರಶ್ನಿ ಏಳಂಗಿಲ್ಲ, ಅಲ್ಲಿ ಸೂರ್ಯ ವರ್ಷಾ ಪೂರ್ತಿ ದಕ್ಷಿಣಕ್ಕ ವಾಲಿರ್ತಾನ. ನಮ್ಮಲ್ಲಿ ಏಳತೈತಿ. ಆದ್ರ ಲೆಕ್ಕದಾಗ ದಿಕ್ಕಿನ ಹೆಸರ ಎಲ್ಲೂ ಬರೂದಿಲ್ಲ ನೋಡ್ರಿ, ಅಲ್ಲಿ ಬರೂದು ಲಗ್ನದ ಬಿಂದು, ಮಧ್ಯಾಹ್ನದ ಬಿಂದು, ಅವಕ್ಕ ಎದುರಿನ ಎರಡ ಬಿಂದು. ದಕ್ಷಿಣ ಅನ್ನೂದನ್ನ ಬರೇ ಹೆಸರ ಅಂತ ಇಟ್ಕೋರಿ. ನಾನು ದಿಕ್ಕ ಬಿಟ್ಟು ಹೊತ್ತು ಹಿಡೀರಿ ಅಂದದ್ದೂ ಅದಕ್ಕ.

ಗೋಳಗುಮ್ಮಟ_ಸೈನ್ಸ್
ಅಂದ್ರ ದಿಗ್ಬಲದಾಗ ದಿಕ್ಕ ಇಲ್ಲ. ಆಯ್ತು ಬಿಡ್ರಿ 😄 ಮುಂದ ಹೇಳ್ರಿ.

ನವನಗರ_ಪ್ಲಾಟ್
ನಮಸ್ಕಾರ, ನಾವು ಬಾಗಲಕೋಟಿ ನವನಗರದಾಗ ಪ್ಲಾಟ ತಗೊಂಡೀವಿ, ಪಶ್ಚಿಮಕ್ಕ ಮುಖ ಐತಿ. ನಮ್ಮ ಮನಿಯವ್ರ ಕುಂಡಲಿಯಾಗೂ ಶನಿ ಏಳರಾಗ ಅದಾನ, ದಿಗ್ಬಲ ಇದ್ರ ಬಾಗಿಲಾ ಪಶ್ಚಿಮಕ್ಕ ಇಟ್ರ ನಡೀತೈತಲ್ರೀ? ಇಂಜಿನಿಯರ್ ಮುಂದಿನ ವಾರ ಪ್ಲ್ಯಾನ್ ಕೊಡಬೇಕಂತ, ಲಗೂ ಹೇಳ್ರಿ ಯಾರರ.

ಮುಧೋಳ_ಮಾಸ್ತರ
ಅಕ್ಕಾರ, ಇದು ವಾಸ್ತು ಅಲ್ರಿ. ದಿಗ್ಬಲಕ್ಕೂ ಬಾಗಿಲಕ್ಕೂ ಸಂಬಂಧ ಇಲ್ಲ. ದಿಗ್ಬಲ ಇದ್ದ ಗ್ರಹ ತನ್ನ ದಶಾದಾಗ ತನ್ನ ದಿಕ್ಕಿಗೆ ಕರಕೊಂಡ ಹೋಗಿ ಅನ್ನ ಕೊಡತೈತಿ ಅಂತ ಒಂದ ಮಾತ ಐತಿ, ಅದು ನೌಕರಿ ವ್ಯಾಪಾರದ ಮಾತ. ರಸ್ತೆ ಪಶ್ಚಿಮಕ್ಕಿದ್ರ ಬಾಗಿಲಾನೂ ಪಶ್ಚಿಮಕ್ಕ ಇಡ್ರಿ, ಮತ್ತೇನ.

ಈಗ ಸಿಂದಗಿ ತಮ್ಮನ ಎರಡನೇ ಪ್ರಶ್ನಿ. ಅದರಾಗ ರುಚಿ ಐತಿ. ತಮ್ಮಾ, ಎರಡೂ ಕುಂಡಲಿಯಾಗ ಲಗ್ನದ ಡಿಗ್ರಿ, ಶನಿ ಡಿಗ್ರಿ, ಗುರು ಡಿಗ್ರಿ ಎಷ್ಟ ಅದಾವ ಹಾಕು. ರಾಶಿ ಹೆಸರ ಸಾಕಾಗೂದಿಲ್ಲ.

ಸಿಂದಗಿ_ಅಣ್ಣ
ಹಾಕ್ತೀನ್ರಿ ಸರ. ಜಮಖಂಡಿದರಾಗ ಲಗ್ನ ಸಿಂಹ 27 ಡಿಗ್ರಿ 20 ಕಲೆ. ಅಥಣಿದರಾಗ ಲಗ್ನ ಕನ್ಯಾ 1 ಡಿಗ್ರಿ 40 ಕಲೆ. ಶನಿ ಎರಡರಾಗೂ ಕುಂಭ 3 ಡಿಗ್ರಿ 40 ಕಲೆ. ಗುರು ಎರಡರಾಗೂ ಕನ್ಯಾ 14 ಡಿಗ್ರಿ, ವಕ್ರಿ ಅಂತ ಬರದಾರ.

ಮುಧೋಳ_ಮಾಸ್ತರ
ಹಾಂ, ಈಗ ನೋಡ್ರಿ ಎಲ್ಲಾರೂ. ಸಿಂಹದ ಕಟ್ಟಕಡೀಗೆ ಒಂದ ಲಗ್ನ, ಕನ್ಯಾದ ಆರಂಭಕ್ಕ ಇನ್ನೊಂದ. ಎರಡರ ನಡುವ ಬರೇ ನಾಕ ಡಿಗ್ರಿ ಇಪ್ಪತ್ತ ಕಲೆ. ಕುಂಡಲಿ ಚೌಕದಾಗ ಮಾತ್ರ ಎಲ್ಲಾ ಗ್ರಹ ಒಂದ ಮನಿ ಸರದಂಗ ಕಾಣಸ್ತೈತಿ.

ಷಡ್ಬಲದಾಗ ದಿಗ್ಬಲ ತಗಿಯೂದು ಮನಿ ನೋಡಿ ಅಲ್ಲ, ದೂರ ನೋಡಿ. ಪ್ರತಿಯೊಂದ ಗ್ರಹಕ್ಕೂ ಬಲ ಸೊನ್ನೆ ಆಗೂ ಒಂದ ಬಿಂದು ಐತಿ, ಪೂರ್ತಿ ಬಲ ಬರೂ ಜಾಗಾದ ನೇರ ಎದರಿಗೆ. ಶನಿಗೆ ಅದು ಲಗ್ನದ ಬಿಂದು, ಗುರುವಿಗೆ ಏಳರ ಬಿಂದು. ಆ ಸೊನ್ನೆ ಬಿಂದುವಿನಿಂದ ಗ್ರಹ ಎಷ್ಟ ಡಿಗ್ರಿ ದೂರ ಐತಿ ಅಂತ ತಗೀರಿ, 180 ದಾಟಿದ್ರ 360ರಾಗ ಕಳೀರಿ, ಬಂದದ್ದನ್ನ ಮೂರರಿಂದ ಭಾಗಸ್ರಿ. ಅಷ್ಟ ಷಷ್ಟ್ಯಂಶ. ಎದರಿನ ತುದಿ ಮುಟ್ಟಿದ್ರ 180 ಭಾಗಿಲೆ 3, ಅಂದ್ರ 60, ಅದ ಪೂರ್ತಿ ಬಲ.

ಮೊದಲ ಜಮಖಂಡಿ ಕುಂಡಲಿ ಹಿಡೀರಿ. ಮೇಷದ ಆರಂಭದಿಂದ ಎಣಿಸಿದ್ರ ಲಗ್ನ 147 ಡಿಗ್ರಿ 20 ಕಲೆ, ಶನಿ 303 ಡಿಗ್ರಿ 40 ಕಲೆ. ವ್ಯತ್ಯಾಸ 156 ಡಿಗ್ರಿ 20 ಕಲೆ, ಮೂರರಿಂದ ಭಾಗಿಸಿದ್ರ 52.1. ಶನಿ ಏಳನೇ ರಾಶಿಯಾಗ ಇದ್ದದ್ದು ಖರೇ, ಆದ್ರ ಏಳರ ಬಿಂದು ಕುಂಭ 27 ಡಿಗ್ರಿ 20 ಕಲೆ, ಅವ ಕುಂತದ್ದು ಕುಂಭದ ಬಾಗಲಾಗ. ಅದಕ್ಕ ಅರವತ್ತ ಸಿಕ್ಕಿಲ್ಲ.

ಇನ್ನ ಅಥಣಿದು. ಲಗ್ನ 151 ಡಿಗ್ರಿ 40 ಕಲೆ. ಶನಿ ದೂರ 152 ಡಿಗ್ರಿ, ಭಾಗಿಸಿದ್ರ 50.7. ನೋಡಿದ್ರೇನ? "ಶನಿ ಆರಕ್ಕ ಹೋದ, ದಿಗ್ಬಲ ಇಲ್ಲ" ಅಂದ್ರಲ್ಲ, ಅವ ಕಳಕೊಂಡದ್ದು ಒಂದೂವರಿ ಷಷ್ಟ್ಯಂಶ ಅಷ್ಟ.

ಗುರು ನೋಡೂಣು. ಗುರು ಕನ್ಯಾ 14 ಅಂದ್ರ 164 ಡಿಗ್ರಿ. ಜಮಖಂಡಿ ಕುಂಡಲಿಯಾಗ ಅವನ ಸೊನ್ನೆ ಬಿಂದು 327 ಡಿಗ್ರಿ 20 ಕಲೆ, ದೂರ 163 ಡಿಗ್ರಿ 20 ಕಲೆ, ಬಲ 54.4. ಅಲ್ಲಿ ಗುರು ಎರಡನೇ ಮನಿಯಾಗ ಅದಾನಂತ ಯಾರೂ ಅವನ ದಿಗ್ಬಲದ ಹೆಸರ ಎತ್ತಿಲ್ಲ, ಆದ್ರ ಏಳರಾಗ ಕುಂತ ಶನಿಗಿಂತ ಅವಗ ಜಾಸ್ತಿ ಐತಿ! ಅಥಣಿಯಾಗ ಗುರುವಿಂದು 55.9. ಒಂದೂವರಿ ಏರಿತು, ಮುಗೀತು.

ಒಟ್ಟ ಮಾತ ಏನಂದ್ರ ತಮ್ಮಾ, ನಿಮ್ಮ ತಂಗಿಗೆ ಎರಡೂ ಟೈಮಿನ್ಯಾಗ ಶನಿಗೂ ದಿಗ್ಬಲ ಐತಿ, ಗುರುವಿಗೂ ಐತಿ. ಜಮಖಂಡಿಯವ್ರು ಒಂದನ್ನ ಹೇಳಿದ್ರು, ಅಥಣಿಯವ್ರು ಇನ್ನೊಂದನ್ನ ಹೇಳಿದ್ರು.

ಸಿಂದಗಿ_ಅಣ್ಣ
ಯಪ್ಪಾ! ಇದನ್ನ ನಮ್ಮ ಆಯಿಗೆ ಹೆಂಗ ಹೇಳಬೇಕೋ ಏನೋ. ಆಕಿ ಅಥಣಿಯವ್ರು ಹೇಳಿದ್ದ ಖರೇ ಅಂತ ಕುಂತಾಳ.

ಶಹಾಪೂರ_ಪಂಚಾಂಗ
ನಾವು ಬೆಳಗಾವಿ ಶಹಾಪೂರದವರು, ನಮ್ಮ ಮನಿತನದಾಗ ಅಜ್ಜನ ಕಾಲದಿಂದ ಪತ್ರಿಕಾ ಬರಿಯೂದು ನಡದೈತಿ. ಮಾಸ್ತರ ಹೇಳಿದ ಗಣಿತ ಬರೋಬರಿ, ಅದರಾಗ ತಪ್ಪ ಹುಡುಕೂದಿಲ್ಲ. ಆದ್ರ ಫಲ ಹೇಳೂ ಹೊತ್ತಿಗೆ ನಾವು ಮನಿನ ನೋಡ್ತೀವಿ. ನಮ್ಮ ಅಜ್ಜ ಹೇಳ್ತಿದ್ರು, ದಿಗ್ಬಲ ಅಂದ್ರ ಗ್ರಹ ಕೇಂದ್ರದಾಗ ಕುಂತಿರಬೇಕು, ಇಲ್ಲಂದ್ರ ಅಂಕಿ ಎಷ್ಟ ಬಂದ್ರೂ ಅದು ಕಾಗದದ ಮ್ಯಾಲಿನ ಬಲ. ಆರರಾಗಿನ ಶನಿಗೆ 50 ಬಂತಂತ ಏಳರಾಗಿನ ಶನಿ ಫಲ ಹೇಳಾಕ ಆಗತೈತೇನು? ಅವ ಅಲ್ಲಿ ರೋಗ, ಸಾಲ, ವೈರಿ ನೋಡಬೇಕು. ನನ್ನ ಕೇಳಿದ್ರ ಅಥಣಿಯವರು ತಪ್ಪ ಮಾತಾಡಿಲ್ಲ.

ಮುಧೋಳ_ಮಾಸ್ತರ
ಶಾಸ್ತ್ರಿಗಳ, ನಿಮ್ಮ ಅಜ್ಜಾರ ಮಾತಿಗೆ ಗೌರವ ಐತಿ. ಫಲ ಮನಿಯಿಂದ ಬರತೈತಿ, ಮನಿ ಒಡೆತನದಿಂದ ಬರತೈತಿ, ಅದರಾಗ ನನ್ನದೂ ತಕರಾರಿಲ್ಲ. ನಾನು ಹೇಳೂದು ಇಷ್ಟ, ಯಾವ ಫಲ ಅನ್ನೂದು ಒಂದ ಪ್ರಶ್ನಿ, ಅದನ್ನ ಕೊಡಾಕ ಕೈಯಾಗ ಎಷ್ಟ ಕಸು ಐತಿ ಅನ್ನೂದು ಇನ್ನೊಂದ ಪ್ರಶ್ನಿ. ದಿಗ್ಬಲ ಎರಡನೇದಕ್ಕ ಉತ್ತರ. ಆರರಾಗ 50 ಬಲ ಇದ್ದ ಶನಿ ಆರನೇ ಮನಿ ಕೆಲಸಾನ ಮಾಡ್ತಾನ, ಆದ್ರ ಗಟ್ಟಿಯಾಗಿ ಮಾಡ್ತಾನ.

ಮತ್ತ ಒಂದು ನೋಡ್ರಿ, ಗ್ರಂಥದಾಗ ಬೇಕಾದ ಕನಿಷ್ಠ ದಿಗ್ಬಲ ಅಂತ ಬ್ಯಾರೆ ಬ್ಯಾರೆ ಕೊಟ್ಟಾರ, ಗುರುವಿಗೆ 35, ಶನಿಗೆ 30. ಶನಿಗೆ 30 ಅಂದ್ರ ಏಳರ ಬಿಂದುವಿನಿಂದ ಎರಡೂ ಕಡೆ 90 ಡಿಗ್ರಿ, ಅರ್ಧ ಚಕ್ರ ಆತು. ಗುರುವಿಗೆ 35 ಅಂದ್ರ ಲಗ್ನದಿಂದ ಎರಡೂ ಕಡೆ 75 ಡಿಗ್ರಿ. ಕೇಂದ್ರದಾಗ ಇದ್ರ ಅಷ್ಟ ಅನ್ನೂ ಹಂಗಿದ್ರ ಈ ಅಂಕಿ ಕೊಡೂ ಜರೂರಿ ಏನಿತ್ತು?

ಶಹಾಪೂರ_ಪಂಚಾಂಗ
ಅದು ಒಟ್ಟ ಷಡ್ಬಲ ಕೂಡಸಾಕ ಕೊಟ್ಟದ್ದು. ಫಲಕ್ಕ ನಾವು ಮನಿ ಬಿಡೂದಿಲ್ಲ. ಇರ್ಲಿ, ಮುಂದ ಹೇಳ್ರಿ.

ರಾಶಿಫಲ_ಗೋಕಾಕ
ನಾನು ಸುಮ್ನ ಇರಬೇಕಂದೆ, ಆದ್ರ ಒಂದ ಪಾಯಿಂಟ್ ಐತಿ. ಈಗ ಆ್ಯಪಿನ್ಯಾಗ ಹಾಕಿ ಚಲಿತ ಕುಂಡಲಿ ತಗದ ನೋಡಿದೆ, ಜಮಖಂಡಿ ಟೈಮಿಗೂ ಶನಿ ಚಲಿತದಾಗ ಆರನೇ ಭಾವಕ್ಕ ಬರ್ತಾನ! ಅಂದ್ರ ಎರಡೂ ಕುಂಡಲಿಯಾಗ ಶನಿ ಆರರಾಗ, ಎರಡರಾಗೂ ದಿಗ್ಬಲ ಇಲ್ಲ. ಕೇಸ್ ಕ್ಲೋಸ್.

ಮುಧೋಳ_ಮಾಸ್ತರ
ಚಲಿತ ತಗದದ್ದು ಭಾಳ ಚಲೋ ಮಾಡಿದ್ರಿ, ಅರ್ಧ ದಾರಿ ಬಂದ್ರಿ. ಲಗ್ನದ ಡಿಗ್ರಿನ ಭಾವದ ನಡು ಅಂತ ಹಿಡದ್ರ ಏಳನೇ ಭಾವ ಕುಂಭ 12 ಡಿಗ್ರಿ ಆಸುಪಾಸಿಗೆ ಚಾಲೂ ಆಗತೈತಿ, ಶನಿ 3 ಡಿಗ್ರಿ 40 ಕಲೆಯಾಗ, ಹಿಂಗಾಗಿ ಆರರಾಗ ಬಿದ್ದ. ಬರೋಬರಿ. ಆದ್ರ ಅಲ್ಲಿಂದ "ದಿಗ್ಬಲ ಇಲ್ಲ"ಕ್ಕ ಜಿಗದ್ರಲ್ಲ, ಅದು ಆಗೂದಿಲ್ಲ. ಭಾವಕ್ಕ ಗಡಿ ಐತಿ, ದಿಗ್ಬಲಕ್ಕ ಗಡಿ ಇಲ್ಲ. ಬಿಂದುವಿನಿಂದ ಒಂದ ಡಿಗ್ರಿ ಸರದ್ರ ಒಂದ ಷಷ್ಟ್ಯಂಶದ ಮೂರನೇ ಒಂದ ಪಾಲು ಕಡಿಮಿ, ಹಿಂಗ ಸಾವಕಾಶ ಇಳಕೋತ ಹೋಗತೈತಿ.

ನಿಮ್ಮ ಚೌಕದ ಲೆಕ್ಕ ಎಲ್ಲಿ ಕೈ ಕೊಡತೈತಿ ಅಂದ್ರ, ಲಗ್ನ ರಾಶಿಯ ಮೊದಲಿಗೋ ಕಡೀಗೋ ಇದ್ದಾಗ. ಲಗ್ನ ಹದಿನೈದು ಡಿಗ್ರಿ ಹತ್ತರ ಇದ್ದವರಿಗೆ ಮನಿ ಲೆಕ್ಕಕ್ಕೂ ದೂರದ ಲೆಕ್ಕಕ್ಕೂ ಅಷ್ಟೇನ ಜಗಳ ಬರೂದಿಲ್ಲ. ಧನು 28 ಡಿಗ್ರಿ ಲಗ್ನ ಇದ್ದಾಂವಗ ಗುರು ಧನು 2ರಾಗ ಇದ್ರ ಲಗ್ನದಾಗ ಗುರು ಅಂತ ಪೇಡೆ ಹಂಚತಾರ, ದಿಗ್ಬಲ 51.3. ಅದ ಗುರು ಮೂರ ಡಿಗ್ರಿ ಹಿಂದ ವೃಶ್ಚಿಕ 29ರಾಗ ಇದ್ರ ಹನ್ನೆರಡನೇ ಮನಿ ಗುರು ಅಂತ ಮಾರಿ ಸಣ್ಣ ಮಾಡ್ತಾರ, ದಿಗ್ಬಲ 50.3.

ರಾಶಿಫಲ_ಗೋಕಾಕ
ಹಂಗಂದ್ರ ಟಿವಿಯಾಗ ಮುಂಜಾನಿ ಕುಂತು ಹೇಳೂ ಮಂದಿ ಎಲ್ಲಾರೂ ತಪ್ಪ ಅಂತೀರಿ? ಅವರೂ ಗುರು ಲಗ್ನದಾಗ ಇದ್ರ ದಿಗ್ಬಲ ಅಂತಾನ ಹೇಳೂದು.

ಮುಧೋಳ_ಮಾಸ್ತರ
ತಪ್ಪ ಅಲ್ಲ, ದುಂಡಗ ಹೇಳ್ತಾರ ಅಷ್ಟ. ಟಿವಿಯಾಗ ಕಲೆ ವಿಕಲೆ ಹೇಳ್ಕೋತ ಕುಂತ್ರ ಯಾರ ನೋಡ್ತಾರ.

ಇಳಕಲ್_ಅಕ್ಕ
ನಾನು ಇಷ್ಟ ದಿನ ಬರೇ ಓದತಿದ್ದೆ, ಇವತ್ತ ಕೇಳಬೇಕು ಅನ್ನಿಸ್ತು. ನಂದು 1997 ಜುಲೈ, ಮಕರ ಲಗ್ನ 20 ಡಿಗ್ರಿ, ಗುರು ಲಗ್ನದಾಗ ಮಕರ 26 ಡಿಗ್ರಿ, ನೀಚ. ಸಣ್ಣಾಕಿ ಇದ್ದಾಗಿಂದ "ಗುರು ನೀಚ, ವಿದ್ಯಾ ಬರಂಗಿಲ್ಲ, ಗಂಡ ಸರಿ ಸಿಗಂಗಿಲ್ಲ" ಅಂತ ಕೇಳಿ ಕೇಳಿ ಸಾಕಾಗೇದ. ನಾನು ಎಂಎ ಮುಗಸಿ ಸೀರಿ ಅಂಗಡಿ ನಡಸಾಕ ಹತ್ತೀನಿ, ನಮ್ಮನಿಯವ್ರೂ ಚಲೋನ ಅದಾರ. ಕೇಂದ್ರದಾಗ ಗುರು ಇದ್ರ ಲಕ್ಷ ದೋಷ ಹೋಗ್ತಾವ ಅಂತಾನೂ ಅದ ಮಂದಿ ಹೇಳ್ತಾರ. ದಿಗ್ಬಲ ಬಂದ್ರ ನೀಚ ಭಂಗ ಆಗತೈತೇನ್ರಿ ಮಾಸ್ತರ?

ಮುಧೋಳ_ಮಾಸ್ತರ
ಅಕ್ಕಾರ, ಆಗೂದಿಲ್ಲ. ನೀಚ ಭಂಗಕ್ಕ ಬ್ಯಾರೆ ನಿಯಮ ಅದಾವ, ಅದರಾಗ ದಿಗ್ಬಲ ಬರೂದಿಲ್ಲ. ಷಡ್ಬಲ ಅಂದ್ರ ಆರು ಬ್ಯಾರೆ ಬ್ಯಾರೆ ಖಾತೆ, ಒಂದರಾಗಿನ ಸಾಲ ಇನ್ನೊಂದರಾಗ ಜಮಾ ಆದ ರೊಕ್ಕದಿಂದ ಹರಿಯೂದಿಲ್ಲ, ಕಡೀಗೆ ಒಟ್ಟ ಮಾತ್ರ ಕೂಡಸ್ತಾರ. ನಿಮ್ಮ ಗುರುವಿನ ಪರಮ ನೀಚ ಬಿಂದು ಮಕರ 5, ಅಲ್ಲಿಂದ ಅವ 21 ಡಿಗ್ರಿ ದೂರ ಅದಾನ. ಉಚ್ಚ ಬಲಾನೂ ಹಂಗ ಮೂರರಿಂದ ಭಾಗಸ್ತಾರ, 60ಕ್ಕ 7 ಬಂತು. ದಿಗ್ಬಲ ಲಗ್ನದಿಂದ ಬರೇ ಆರ ಡಿಗ್ರಿ ದೂರ ಇರೂದಕ್ಕ 60ಕ್ಕ 58. ಒಂದರಾಗ ಬಡವ, ಒಂದರಾಗ ಸಾವಕಾರ. ಗುರುವಿಗೆ ಒಟ್ಟ 390 ಬೇಕು, ಅಂದ್ರ ಆರೂವರಿ ರೂಪ. ದಿಗ್ಬಲ ಪೂರ್ತಿ ಸಿಕ್ಕರೂ 60 ಅಷ್ಟ, ಉಳಿದದ್ದನ್ನ ಸ್ಥಾನ, ಕಾಲ, ಚೇಷ್ಟಾ ಎಲ್ಲಾ ಕೂಡಿ ಕೊಡಬೇಕು.

ಉಲ್ಟಾನೂ ಐತಿ. ತುಲಾ ಲಗ್ನ, ಶನಿ ತುಲಾದಾಗ ಲಗ್ನದ ಡಿಗ್ರಿ ಮ್ಯಾಲ ಕುಂತಿದ್ರ ಉಚ್ಚ, ಶಶ ಯೋಗ, ಎಲ್ಲಾ ಐತಿ, ದಿಗ್ಬಲ ಮಾತ್ರ ಸೊನ್ನೆ.

ನಿಮ್ಮನಿಯವ್ರು ಚಲೋ ಇರೂದಕ್ಕ ಗುರು ಒಬ್ಬನ್ನ ಕಾರಣ ಮಾಡಬ್ಯಾಡ್ರಿ. ಲಗ್ನದಾಗ ಕುಂತು ಏಳನೇ ಮನಿ ನೋಡಾಕ ಹತ್ಯಾನ ಅನ್ನೂದು ಖರೇ, ಆದ್ರ ಮಕರಕ್ಕ ಅವ ಮೂರು ಹನ್ನೆರಡರ ಒಡೆಯ.

ಇಳಕಲ್_ಅಕ್ಕ
ಹೆದರಸಾಕ ಏಳು ಅಂತ ಹೇಳಿದ್ರು, ಐವತ್ತೆಂಟರ ಸುದ್ದಿ ಯಾರೂ ಎತ್ತಲಿಲ್ಲ ನೋಡ್ರಿ. ಥ್ಯಾಂಕ್ಸ್ ಸರ.

ಸಿಂದಗಿ_ಅಣ್ಣ
ಸರ, ನಂದಕ್ಕ ಬರ್ರಿ. ಎರಡೂ ಟೈಮಿಗೆ ದಿಗ್ಬಲ ಹೆಚ್ಚೂ ಕಡಿಮಿ ಒಂದ ಅಂದ್ರ, ಮದುವಿ ವಿಷಯದಾಗ ಎರಡೂ ಕುಂಡಲಿ ಒಂದ ಹೇಳ್ತಾವೇನ? ಹಂಗಿದ್ರ ಯಾವುದು ಹಿಡದ್ರೂ ನಡೀತೈತಿ.

ಮುಧೋಳ_ಮಾಸ್ತರ
ಇಲ್ಲ ತಮ್ಮಾ, ಇಲ್ಲಿ ಶಹಾಪೂರದವರ ಮಾತ ಕೂಡತೈತಿ. ಬಲ ಒಂದ, ಕೆಲಸ ಬ್ಯಾರೆ. ಸಿಂಹ ಲಗ್ನಕ್ಕ ಶನಿ ಆರು ಏಳರ ಒಡೆಯ. ಸ್ವಂತ ಮನಿಯಾಗ, ಕೇಂದ್ರದಾಗ ಕುಂತಾನ, ಶಶ ಯೋಗ ಅಂತಾರ. ಮದುವಿ ಸ್ಥಾನದ ಒಡೆಯಾನೂ ಅವನ, ತಡ ಮಾಡಾಂವನೂ ಅವನ, ಅವಗ 52 ಬಲ. ಬಲ ಇದ್ರ ಶುಭ ಅಂತ ಅಲ್ಲ, ಅವಂದ ರೀತಿಲೆ ಪೂರಾ ಮಾಡ್ತಾನ ಅಂತ. ವಯಸ್ಸು, ಜವಾಬ್ದಾರಿ, ವಿಚಾರ ಮಾಡಿ ಮಾಡಿ ಒಪ್ಪೂದು ಇಂಥಾವೆಲ್ಲಾ ಜೋರ ಇರ್ತಾವ.

ಕನ್ಯಾ ಲಗ್ನಕ್ಕ ಏಳನೇ ಮನಿ ಮೀನ, ಅದರ ಒಡೆಯ ಗುರು. ಅವ ಲಗ್ನದಾಗ ಕುಂತು ನೇರ ತನ್ನ ಮೀನ ನೋಡಾಕ ಹತ್ಯಾನ, ಬಲ 55.9. ನಾಕು ಏಳು ಎರಡೂ ಕೇಂದ್ರದ ಒಡೆತನ ಇರೂದಕ್ಕ ಕೇಂದ್ರಾಧಿಪತಿ ದೋಷ ಅಂತ ಶಾಸ್ತ್ರಿಗಳು ಹೇಳ್ತಾರ, ಅದೂ ಐತಿ. ಶನಿ ಅಲ್ಲಿ ಐದು ಆರರ ಒಡೆಯ, ಆರರಾಗ.

ಈಗ ಒಂದ ಮಜಾ ನೋಡು. ಎರಡೂ ಕುಂಡಲಿಯಾಗ ಏಳರ ಒಡೆಯ ಯಾರರ ಇರ್ಲಿ, ಅವಗ ದಿಗ್ಬಲ 50ರ ಮ್ಯಾಲ ಐತಿ. ಹಿಂಗಾಗಿ "ಏಳರ ಒಡೆಯಗ ಕಸು ಐತಿ" ಅನ್ನೂ ಮಾತ ಟೈಮ ಯಾವುದಿದ್ರೂ ನಿಲ್ಲತೈತಿ. ಆ ಕಸು ಶನಿ ಕೈಯಾಗ ಐತೋ ಗುರು ಕೈಯಾಗ ಐತೋ ಅನ್ನೂದು ಟೈಮಿನ ಮ್ಯಾಲ. ಮತ್ತ ದಿಗ್ಬಲ ನೋಡಿ ಟೈಮ ಹುಡುಕಾಕ ಹೋಗಬ್ಯಾಡ, ಅದು ಸಾವಕಾಶ ಬದಲಾಗೂದು, ಹದಿನೆಂಟ ಮಿನಿಟ ಅದರ ಕಣ್ಣಿಗೆ ಬೀಳೂದ ಇಲ್ಲ.

ಶಹಾಪೂರ_ಪಂಚಾಂಗ
ಇದನ್ನ ಒಪ್ತೀನಿ. ಟೈಮಿಗೆ ನವಾಂಶ ನೋಡಬೇಕು. ಸಿಂಹ 27 ಡಿಗ್ರಿ 20 ಕಲೆ ಅಂದ್ರ ನವಾಂಶ ಲಗ್ನ ಧನು, ಕನ್ಯಾ 1 ಡಿಗ್ರಿ 40 ಕಲೆ ಅಂದ್ರ ಮಕರ. ಹುಡುಗಿ ಸ್ವಭಾವ, ಮೈಕಟ್ಟು, ಅಣ್ಣತಮ್ಮಂದಿರ ವಿಚಾರ ಹಚ್ಚಿ ನೋಡಿದ್ರ ತಿಳೀತೈತಿ. ದಶಾದಿಂದ ಹಿಡೀಬೇಕಂದ್ರ ತ್ರಾಸ, ಹದಿನೆಂಟ ಮಿನಿಟಿಗೆ ಚಂದ್ರ ಸರಿಯೂದು ಹತ್ತ ಕಲೆ, ದಶಾ ತಿರುಗೂದು ಒಂದೆರಡ ತಿಂಗಳ ಹಿಂದ ಮುಂದ ಆಗಬಹುದು ಅಷ್ಟ.

ಗೋಳಗುಮ್ಮಟ_ಸೈನ್ಸ್
ಒಂದ ಡೌಟ್. ಜಮಖಂಡಿಯವ್ರು ಅಥಣಿಯವ್ರು ಒಂದ ಅಯನಾಂಶ ಹಿಡದಾರೇನ? ಅದು ಬ್ಯಾರೆ ಇದ್ರ ಲಗ್ನ ಟೈಮಿನ ಜಗಳ ಇಲ್ಲದಾನೂ ಸಿಂಹದಿಂದ ಕನ್ಯಾಕ್ಕ ಹಾರತೈತಿ.

ಮುಧೋಳ_ಮಾಸ್ತರ
ಸರ, ನಂಬೂದಿಲ್ಲ ಅಂತೀರಿ, ಪ್ರಶ್ನಿ ಮಾತ್ರ ಜ್ಯೋತಿಷಿಗಿಂತ ಚಲೋ ಕೇಳ್ತೀರಿ. ಇಲ್ಲಿ ಶನಿ ಗುರು ಡಿಗ್ರಿ ಎರಡರಾಗೂ ಒಂದ ಐತಿ, ಹಂಗಂದ್ರ ಅಯನಾಂಶಾನೂ ಒಂದ ಹಿಡದಾರ, ಚಿತ್ರಾಪಕ್ಷ ಇರಬೇಕು. ಜಗಳ ಟೈಮಿಂದ. ಆದ್ರ ನೀವ ಹೇಳಿದ್ದು ಬ್ಯಾರೆ ಕಡೆ ಆಗತೈತಿ. ಅಯನಾಂಶ ಬದಲಿಸಿದ್ರ ಲಗ್ನಾನೂ ಗ್ರಹಾನೂ ಒಂದ ಅಳತಿಲೆ ಸರೀತಾವ, ನಡುವಿನ ದೂರ ಬದಲಾಗೂದಿಲ್ಲ. ಹಿಂಗಾಗಿ ರಾಶಿ ಬದಲಾಗಬಹುದು, ಉಚ್ಚ ಬಲ ಬದಲಾಗತೈತಿ, ದಿಗ್ಬಲ ಮಾತ್ರ ಇದ್ದಲ್ಲೇ ಇರತೈತಿ.

ಟೈಮ ತಪ್ಪಿದ್ರೂ ಅದಕ್ಕ ಅಷ್ಟೇನ ಪೆಟ್ಟ ಬೀಳೂದಿಲ್ಲ. ಸುಮಾರು ನಾಕ ಮಿನಿಟಿಗೆ ಲಗ್ನ ಒಂದ ಡಿಗ್ರಿ ಸರೀತೈತಿ ಅಂತ ಹಿಡದ್ರ, ತಾಸಗಟ್ಟಲೆ ತಪ್ಪಿದ್ರ ಮಾತ್ರ ಐದರಷ್ಟ ಫರಕ ಬರತೈತಿ. ರವಿ ಕುಜ ಚಂದ್ರ ಶುಕ್ರರದ್ದು ಹಿಂಗಲ್ಲ, ಹತ್ತನೇ ಬಿಂದು ಲಗ್ನಕ್ಕ ಸರಿಯಾಗಿ 90 ಡಿಗ್ರಿಗೆ ಇರತೈತಂತ ಇಲ್ಲ, ಹೆಂಗ ತಗೀಬೇಕು ಅನ್ನೂದರಾಗ ಎರಡ ಪಂಥ ಅದಾವ. ಗುರು ಶನಿ ಲೆಕ್ಕದಾಗ ಆ ಗದ್ದಲ ಇಲ್ಲ, ಏಳು ಅಂದ್ರ ಲಗ್ನಕ್ಕ ನೇರ 180.

ನವನಗರ_ಪ್ಲಾಟ್
ರಸ್ತೆ ಪೂರ್ವಕ್ಕೂ ಐತ್ರಿ. ಹಂಗಿದ್ರ?

ಮುಧೋಳ_ಮಾಸ್ತರ
ಅಕ್ಕಾರ, ಇಂಜಿನಿಯರ್‌ಗೆ ಗಾಳಿ ಯಾವ ಕಡಿಂದ ಬರತೈತಿ ಅಂತ ಕೇಳ್ರಿ.

ಸಿಂದಗಿ_ಅಣ್ಣ
ಸರ, ನೀವ ಹೇಳಿದ್ದ ನೋಡಿ ಆ್ಯಪಿನ್ಯಾಗ ಒಂದೊಂದ ಮಿನಿಟ ಏರಿಸಿ ಏರಿಸಿ ನೋಡಿದೆ. 4:28ರ ಸುಮಾರಿಗೆ ಲಗ್ನ ಸಿಂಹದಿಂದ ಕನ್ಯಾಕ್ಕ ದಾಟತೈತಿ. ದಾಟೂ ಮುಂದ ಷಡ್ಬಲದ ಕಾಲಮಿನ್ಯಾಗ ಶನಿ ದಿಗ್ಬಲ ಪಾಯಿಂಟಿನ ಮ್ಯಾಲ ಅಷ್ಟ ಕದಲತೈತಿ, ಕುಂಡಲಿ ಚೌಕ ಮಾತ್ರ ಪೂರಾ ತಿರುಗಿ ಬೀಳತೈತಿ. ಈಗ ತಿಳೀತು. ಆಯಿಗೆ ಫೋನ್ ಹಚ್ಚಿದ್ದೆ, ಆಕಿ ಹೇಳೂದು ಕೂಸು ಹೊರಗ ತಂದು ತೋರಿಸಿದಾಗ 4:35 ಆಗಿತ್ತಂತ, ಒಳಗ ಹುಟ್ಟಿದ್ದು ಯಾವಾಗ ಅಂತ ಕೇಳಿದ್ರ ಸುಮ್ನಾದಳು. ಅಂದ್ರ ಚೀಟಿ ಟೈಮ ಖರೇ ಇರಬಹುದು, ಆದ್ರ ಚೀಟಿ ಮ್ಯಾಲ 17 ಅನ್ನೂದನ್ನ ತಿದ್ದಿದಂಗ ಕಾಣತೈತಿ, 27 ಇತ್ತೋ ಏನೋ.

ಶಹಾಪೂರ_ಪಂಚಾಂಗ
27 ಇದ್ರ ಲಗ್ನ ಸಿಂಹದ ಕಡೀ ಡಿಗ್ರಿ, ಒಂದ ಮಿನಿಟ ಆಚಿ ಈಚಿ ಆದ್ರ ಕನ್ಯಾ. ಅದು ಇನ್ನೂ ಗಂಡಾಂತರ. ಚೀಟಿ ಫೋಟೋ ತಗದ ಹಾಕ್ರಿ, ಹೆಸರ ಮುಚ್ಚಿ.

ರಾಶಿಫಲ_ಗೋಕಾಕ
ನಾನು ಮೊದಲ ಹೇಳಿಲ್ಲೇನ, ಮನಿ ಗ್ಯಾರಂಟಿ ಇಲ್ಲದ ದಿಗ್ಬಲ ಹೇಳಾಕ ಆಗೂದಿಲ್ಲ ಅಂತ.

ಮುಧೋಳ_ಮಾಸ್ತರ
ನೀವ ಹೇಳಿದ್ದು ಅದರ ಉಲ್ಟಾ ಇತ್ರಿ ಗೋಕಾಕದವರ. ತಮ್ಮಾ, ಫೋಟೋ ಹಾಕು. ಜೊತಿಗೆ ಆಕಿ ನೌಕರಿ ಹತ್ತಿದ ವರ್ಷ, ಮನಿಯಾಗ ದೊಡ್ಡ ಘಟನಾ ಏನರ ಆಗಿದ್ರ ಅದರ ತಿಂಗಳ ಬರದ ಕಳಸು, ನವಾಂಶಕ್ಕ ಹಚ್ಚಿ ನೋಡೂಣು.